ಸ್ಕೂಲ್ ಕ್ಯಾಂಟೀನ್‌ಗೆ ಪ್ರಪೋಸಲ್: ಬ್ರೇಕ್‌ನ ಹದಿನೈದು ನಿಮಿಷದಿಂದ ಶುರು ಮಾಡಿ

ಏಪ್ರಿಲ್ ಬಂತೆಂದರೆ ಮಂಡ್ಯ, ಮೈಸೂರಿನ ಖಾಸಗಿ ಶಾಲೆಗಳಲ್ಲಿ ಮುಂದಿನ ವರ್ಷದ ತಯಾರಿ ಶುರುವಾಗುತ್ತದೆ. ಬಸ್ಸು, ಯೂನಿಫಾರ್ಮು, ಪುಸ್ತಕದ ಜೊತೆಗೆ ಕ್ಯಾಂಟೀನ್ ಮಾತೂ ಬರುತ್ತದೆ. "ನಡೆಸೋಕೆ ಇಷ್ಟ ಇದ್ರೆ ಒಂದು ಪ್ರಪೋಸಲ್ ಬರೆದು ಕೊಡಿ" ಎಂದು ಆಡಳಿತ ಮಂಡಳಿಯವರು ಹೇಳಿ ಕಳಿಸುತ್ತಾರೆ. ಮಾತು ಹೋಗುವುದು ಮೆಸ್ ನಡೆಸುವವರಿಗೆ, ಸ್ತ್ರೀಶಕ್ತಿ ಸಂಘದವರಿಗೆ, ಮದುವೆ ಮನೆಗಳಲ್ಲಿ ಅಡುಗೆ ಮಾಡುವವರಿಗೆ. ಅಡುಗೆಯಲ್ಲಿ ಪಳಗಿದ ಕೈಗಳು. ಆದರೆ ಪ್ರಪೋಸಲ್ ಎಂದರೇನು, ಅದರಲ್ಲಿ ಏನು ಬರೆಯಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಮಗಳ ಶಾಲೆಯ ಪೋಷಕರ ಸಮಿತಿಯಲ್ಲಿ ಇದ್ದಾಗ ಇಂಥ ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದರಲ್ಲಿ ನಲವತ್ತೆರಡು ತಿಂಡಿಗಳ ಪಟ್ಟಿ ಇತ್ತು. ಇನ್ನೊಂದರಲ್ಲಿ "ಶುಚಿ ರುಚಿಯಾದ ಆಹಾರ ಒದಗಿಸಲಾಗುವುದು" ಎಂಬ ಒಂದೇ ಸಾಲು, ಕೆಳಗೆ ಸಹಿ. ಎರಡನ್ನೂ ಓದಿ ನಮಗೆ ಏನೂ ಗೊತ್ತಾಗಲಿಲ್ಲ. ಈ ವರ್ಷ ನಮ್ಮ ಬೀದಿಯಲ್ಲಿ ಮೆಸ್ ನಡೆಸುವ ಅಕ್ಕ ಒಬ್ಬರು ಅಂಥದ್ದೇ ಕಾಗದ ಹಿಡಿದು ಮನೆಗೆ ಬಂದರು. "ಏನ್ ಬರೀಲಪ್ಪ ಇದ್ರಲ್ಲಿ? ನಂಗೆ ಅಡುಗೆ ಮಾಡೋದು ಗೊತ್ತು, ಬರೆಯೋದು ಗೊತ್ತಿಲ್ಲ" ಎಂದರು. ಇಬ್ಬರೂ ಕೂತು ಬರೆದೆವು. ಆಗ ಹಾಕಿದ ಲೆಕ್ಕವೇ ಇಲ್ಲಿದೆ. ಶಾಲೆಯ ಅಂಕಿಗಳನ್ನು ಮಾತ್ರ ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ.

## ಪ್ರಪೋಸಲ್ ಎಂದರೆ ರೇಟ್ ಪಟ್ಟಿ ಅಲ್ಲ

ಕೊಟೇಶನ್ ಎಂದರೆ ಬೆಲೆ ಮಾತ್ರ. ಇಡ್ಲಿಗೆ ಇಷ್ಟು, ರೈಸ್ ಬಾತ್‌ಗೆ ಇಷ್ಟು, ಮುಗಿಯಿತು. ಪ್ರಪೋಸಲ್‌ನಲ್ಲಿ ಬೆಲೆಯ ಜೊತೆ "ಹೇಗೆ" ಎನ್ನುವುದೂ ಇರಬೇಕು. ಯಾರು ಅಡುಗೆ ಮಾಡುತ್ತಾರೆ, ಎಲ್ಲಿ, ಎಷ್ಟು ಹೊತ್ತಿಗೆ, ಬಡಿಸುವುದು ಹೇಗೆ, ಮಿಕ್ಕಿದ್ದನ್ನು ಏನು ಮಾಡುತ್ತಾರೆ, ತೊಂದರೆ ಆದರೆ ಯಾರನ್ನು ಕೇಳಬೇಕು. ಹೆಣ್ಣು ನೋಡಲು ಬಂದವರು ಜಾತಕ ಒಂದನ್ನೇ ನೋಡಿ ಎದ್ದು ಹೋಗುವುದಿಲ್ಲ, ಅಲ್ವಾ? ಇದೂ ಹಾಗೆಯೇ.

ಮಂಡಳಿಯವರ ತಲೆಯಲ್ಲಿ ಇರುವುದು ಮೂರು ಚಿಂತೆ. ಮಕ್ಕಳಿಗೆ ಹೊಟ್ಟೆ ಕೆಟ್ಟು ಸುದ್ದಿಯಾಗಬಾರದು. ಬ್ರೇಕ್ ಮುಗಿದ ಮೇಲೆ ಮಕ್ಕಳು ಕ್ಯಾಂಟೀನ್ ಮುಂದೆ ನಿಂತಿರಬಾರದು. ನವೆಂಬರ್‌ನಲ್ಲಿ "ಗಿಟ್ಟೋದಿಲ್ಲ ಸಾರ್" ಎಂದು ಹೇಳಿ ಬಿಟ್ಟು ಹೋಗಬಾರದು. ಮೆನು, ಶುಚಿತ್ವ, ಬೆಲೆ ಎಂದು ನಾವು ಬರೆಯುವ ಮೂರು ಭಾಗಗಳೂ ಈ ಚಿಂತೆಗಳಿಗೆ ಉತ್ತರವೇ. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಅವುಗಳ ತುದಿ ಇರುವುದು ಶಾಲೆಯ ಗಂಟೆಯಲ್ಲಿ.

## ಮೊದಲು ಗಡಿಯಾರ, ಆಮೇಲೆ ಮೆನು

ಒಂದು ಶಾಲೆ ಅಂದುಕೊಳ್ಳೋಣ. ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ ಆರು ನೂರು ಮಕ್ಕಳು. 10:45ಕ್ಕೆ ಹದಿನೈದು ನಿಮಿಷದ ಸಣ್ಣ ಬ್ರೇಕ್. 12:50ಕ್ಕೆ ನಲವತ್ತು ನಿಮಿಷದ ಊಟದ ಬಿಡುವು. ಚಿಕ್ಕ ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ. ಸಣ್ಣ ಬ್ರೇಕ್‌ನಲ್ಲಿ 160 ಮಕ್ಕಳು, ಮಧ್ಯಾಹ್ನ 140 ಮಕ್ಕಳು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. ಈ ಅಂಕಿಯನ್ನು ಸುಮ್ನೆ ಊಹಿಸಬಾರದು. ಒಂದು ವಾರ ಯಾರ್ಯಾರು ಡಬ್ಬಿ ತರುವುದಿಲ್ಲ ಎಂದು ಎಣಿಸಿ ಕೊಡಿ ಎಂದು ತರಗತಿ ಟೀಚರುಗಳನ್ನು ಕೇಳಿದರೆ ಸಿಗುತ್ತದೆ.

ಈಗ ಆ ಹದಿನೈದು ನಿಮಿಷ ನೋಡಿ. ತರಗತಿಯಿಂದ ಬರಲು ಎರಡು ನಿಮಿಷ. ತಿನ್ನಲು ನಾಲ್ಕು. ಕೈ ತೊಳೆದು ವಾಪಸ್ ಹೋಗಲು ಎರಡು. ಬಡಿಸಲು ಉಳಿಯುವುದು ಏಳು ನಿಮಿಷ, ಅಂದರೆ 420 ಸೆಕೆಂಡು.

ಮಗು ಬಂದು "ಅಂಕಲ್ ಇಡ್ಲಿ" ಎಂದು ಐವತ್ತರ ನೋಟು ಕೊಟ್ಟು, ನೀವು ಚಿಲ್ಲರೆ ಹುಡುಕಿ ಕೊಟ್ಟು ತಟ್ಟೆ ಕೈಗಿಡುವಷ್ಟರಲ್ಲಿ ಇಪ್ಪತ್ತು ಸೆಕೆಂಡು ಹೋಗುತ್ತದೆ. ಆ ಲೆಕ್ಕದಲ್ಲಿ ಒಂದು ಕೌಂಟರ್‌ನಲ್ಲಿ ಏಳು ನಿಮಿಷಕ್ಕೆ 21 ಮಕ್ಕಳು. ಎರಡು ಕೌಂಟರ್ ಇಟ್ಟರೂ 42. ಉಳಿದ ನೂರಕ್ಕೂ ಹೆಚ್ಚು ಮಕ್ಕಳು ಖಾಲಿ ಹೊಟ್ಟೆಯಲ್ಲಿ ಮೂರನೇ ಪೀರಿಯಡ್‌ಗೆ ಹೋಗಬೇಕು, ಇಲ್ಲವೇ ಟೀಚರ್ ಕೈಲಿ ಬೈಸಿಕೊಳ್ಳಬೇಕು.

ದುಡ್ಡಿನ ಬದಲು ಟೋಕನ್ ತೆಗೆದುಕೊಂಡರೆ? ತಿಂಡಿ ಒಂದೇ, ತಟ್ಟೆ ಮೊದಲೇ ಹಾಕಿಟ್ಟಿದೆ, ಮಗು ಟೋಕನ್ ಡಬ್ಬಕ್ಕೆ ಹಾಕಿ ತಟ್ಟೆ ಎತ್ತಿಕೊಳ್ಳುತ್ತದೆ. ಐದು ಸೆಕೆಂಡು ಸಾಕು. ಒಂದು ಕೌಂಟರ್‌ಗೆ 84 ಮಕ್ಕಳು, ಎರಡಕ್ಕೆ 168. ನಮಗೆ ಬೇಕಿದ್ದದ್ದು 160.

ಮೆನುವಿನ ಅರ್ಧ ತೀರ್ಮಾನ ಇಲ್ಲೇ ಆಗಿಹೋಯಿತು. ಸಣ್ಣ ಬ್ರೇಕ್‌ಗೆ ದಿನಕ್ಕೆ ಒಂದೇ ತಿಂಡಿ. ಟೋಕನ್ ಮಾರುವುದು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ, ಇಲ್ಲವೇ ಇಪ್ಪತ್ತು ಟೋಕನ್‌ಗಳ ಪುಸ್ತಕ ಮಾಡಿ ತಿಂಗಳಿಗೊಮ್ಮೆ ಪೋಷಕರಿಗೆ. ದೋಸೆ ಇಲ್ಲ. ದೊಡ್ಡ ಕಾವಲಿಯಲ್ಲಿ ಒಂದು ಸರ್ತಿಗೆ ಆರು ದೋಸೆ, ನಾಲ್ಕು ನಿಮಿಷ. ಏಳು ನಿಮಿಷದಲ್ಲಿ ಹನ್ನೆರಡು ದೋಸೆ ಬಂದರೆ ದೊಡ್ಡದು. ಮಸಾಲೆ ದೋಸೆಗೆ ಹೆಸರಾದ ಮೈಸೂರಿನಲ್ಲೇ ಆದರೂ ಶಾಲೆಯ ಸಣ್ಣ ಬ್ರೇಕ್‌ಗೆ ದೋಸೆ ಹೊಂದುವುದಿಲ್ಲ.

ಅಕ್ಕ ಇದಕ್ಕೆ ಒಪ್ಪಲು ಹೊತ್ತು ಹಿಡಿಯಿತು. "ಒಂದೇ ಐಟಂ ಇಟ್ರೆ ಮಕ್ಳು ಬರ್ತಾವಾ?" ಎಂದರು. ಐಟಂ ದಿನಾ ಬದಲಾಗುತ್ತದೆ, ಆ ದಿನಕ್ಕೆ ಮಾತ್ರ ಒಂದು ಎಂದ ಮೇಲೆ ಸಮಾಧಾನ ಆಯಿತು.

## ಮೆನು: ಏನು ಇರಬೇಕು, ಏನು ಬಿಡಬೇಕು

ಬಿಡಬೇಕಾದ್ದನ್ನು ಮೊದಲು ನೋಡೋಣ. ಅದಕ್ಕೆ ಕಾನೂನಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ಶಾಲೆಗಳಿಗಾಗಿಯೇ ನಿಯಮ ತಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಗಳನ್ನು ಶಾಲೆಯ ಒಳಗೆ ಮಾರುವಂತಿಲ್ಲ. ಗೇಟಿನಿಂದ ಐವತ್ತು ಮೀಟರ್ ಒಳಗೂ ಮಾರುವಂತಿಲ್ಲ. ಕ್ಯಾಂಟೀನ್ ನಡೆಸುವವರ ಬಳಿ ಲೈಸೆನ್ಸ್ ಅಥವಾ ನೋಂದಣಿ ಇದೆಯೇ ಎಂದು ನೋಡುವ ಹೊಣೆ ಶಾಲೆಯದ್ದು. ಪ್ಯಾಕೆಟ್ ಚಿಪ್ಸ್, ಕೋಲಾ ಪಟ್ಟಿಯಲ್ಲಿ ಕಂಡರೆ ವಿಷಯ ತಿಳಿದ ಮಂಡಳಿಯವರು ಆ ಪ್ರಪೋಸಲ್ ಅನ್ನು ಅಲ್ಲೇ ಬದಿಗಿಡುತ್ತಾರೆ.

ಮಕ್ಕಳು ಕೇಳುವುದು ಗೋಬಿ ಮಂಚೂರಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣ ಹಾಕದೆ ಮಾಡಬಹುದು, ಸರಿ. ಆದರೆ ಅದು ಕರಿಯುವ ತಿಂಡಿ. ಕಾದ ಎಣ್ಣೆಯನ್ನು ನಾಳೆಗೆ, ನಾಡಿದ್ದಿಗೆ ಎಂದು ಇಟ್ಟುಕೊಳ್ಳುವ ಚಪಲ ಅಲ್ಲಿಂದ ಶುರುವಾಗುತ್ತದೆ. ಎಣ್ಣೆ ಕಪ್ಪಗೆ, ಮಂದವಾಗಿ, ಬೇಗ ಹೊಗೆಯಾಡುವ ಹಾಗಾಗಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ಮಂಡ್ಯದವರಿಗೆ ಮದ್ದೂರು ವಡೆ ಬಿಟ್ಟು ಕ್ಯಾಂಟೀನ್ ಎಂದರೆ ಬೇಜಾರೇ. ಆದರೂ ನಾವು ಕರಿದದ್ದನ್ನು ಪಟ್ಟಿಯಿಂದ ಪೂರ್ತಿ ತೆಗೆದೆವು. ಬಾಣಲೆಯೇ ಇಲ್ಲದಿದ್ದರೆ ಎಣ್ಣೆಯ ಪ್ರಶ್ನೆಯೂ ಇಲ್ಲ.

ಉಳಿದದ್ದು ಹೀಗೆ. ಸಣ್ಣ ಬ್ರೇಕ್‌ಗೆ ಸೋಮವಾರ, ಗುರುವಾರ ಇಡ್ಲಿ. ಮಂಗಳವಾರ ಒಗ್ಗರಣೆ ಅವಲಕ್ಕಿ, ಬುಧವಾರ ಶಾವಿಗೆ ಬಾತ್, ಶುಕ್ರವಾರ ಖಾರಾಬಾತ್. ಬರೀ ಉಪ್ಪಿಟ್ಟು ಎಂದು ಬರೆಯಲಿಲ್ಲ. ಮಕ್ಕಳು ಅದನ್ನು ಕಾಂಕ್ರೀಟ್ ಅನ್ನುತ್ತಾರೆ. ಅದೇ ರವೆಗೆ ಕ್ಯಾರೆಟ್, ಬೀನ್ಸ್, ಬಟಾಣಿ, ವಾಂಗಿಬಾತ್ ಪುಡಿ ಬಿದ್ದು ಖಾರಾಬಾತ್ ಆದರೆ ತಟ್ಟೆ ಖಾಲಿಯಾಗುತ್ತದೆ. ಮಧ್ಯಾಹ್ನಕ್ಕೆ ತರಕಾರಿ ರೈಸ್ ಬಾತ್, ಬಿಸಿಬೇಳೆಬಾತ್, ಪುಳಿಯೋಗರೆ, ಅನ್ನ ಸೊಪ್ಪಿನ ಸಾರು ಸರದಿಯಲ್ಲಿ. ಜೊತೆಗೆ ದಿನಾ ಬಾಳೆಹಣ್ಣು, ಮಜ್ಜಿಗೆ, ಬೇಯಿಸಿದ ಕಡಲೆ ಉಸಲಿ, ಮಂಡ್ಯ ಬೆಲ್ಲದ ಕಡಲೆ ಮಿಠಾಯಿ. ಶೇಂಗಾ ಆಗದ ಮಕ್ಕಳು ಇರುತ್ತಾರೆ. ಯಾವ ಯಾವ ತಿಂಡಿಯಲ್ಲಿ ಶೇಂಗಾ ಇದೆ ಎಂದು ಪಟ್ಟಿಯಲ್ಲೇ ಗುರುತು ಹಾಕಿದೆವು.

ರಾಗಿ ಮುದ್ದೆ ಯಾಕಿಲ್ಲ ಎಂದು ಮಂಡಳಿಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಮುದ್ದೆ ತೊಳಸಿದ ಕೂಡಲೇ ತಿನ್ನಬೇಕಾದ್ದು. 140 ಮುದ್ದೆ ಕಟ್ಟಿ ಮುಗಿಸುವ ಹೊತ್ತಿಗೆ ಮೊದಲು ಕಟ್ಟಿದ್ದು ಗಟ್ಟಿಯಾಗಿರುತ್ತದೆ. ಕಟ್ಟುವಾಗ ಕೈಯೂ ಜಾಸ್ತಿ ತಾಗುತ್ತದೆ. ಹಾಗಾಗಿ ರಾಗಿಯನ್ನು ಮಜ್ಜಿಗೆ ಬೆರೆಸಿದ ಅಂಬಲಿಯಾಗಿ ವಾರಕ್ಕೆ ಎರಡು ದಿನ ಇಟ್ಟೆವು.

## ಶುಚಿತ್ವ: "ಕ್ಲೀನಾಗಿ ಇಡ್ತೀವಿ" ಅಂದರೆ ಸಾಲದು

ಊಟ ಹೇಗೆ ಕೆಡುತ್ತದೆ ಎನ್ನುವುದನ್ನು ಮೊದಲು ತಿಳಿದುಕೊಳ್ಳೋಣ. ಕಾಯಿಲೆ ತರುವ ಬ್ಯಾಕ್ಟೀರಿಯಾಗಳಿಗೆ ತೀರಾ ಬಿಸಿಯೂ ಆಗದು, ತೀರಾ ತಂಪೂ ಆಗದು. ಐದು ಡಿಗ್ರಿಯಿಂದ ಅರವತ್ತು ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೆಳೆಯುತ್ತವೆ. ಉಗುರು ಬೆಚ್ಚಗಿನ ಅಡುಗೆ ಅವಕ್ಕೆ ಹೆಪ್ಪು ಹಾಕಿದ ಹಾಲಿನ ಹಾಗೆ. ಆದ್ದರಿಂದ ಬಿಸಿ ಪದಾರ್ಥವನ್ನು ಅರವತ್ತಕ್ಕಿಂತ ಮೇಲೆ ಇಡಬೇಕು, ತಂಪಿನದನ್ನು ಐದಕ್ಕಿಂತ ಕೆಳಗೆ. ನಡುವೆ ಇರುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಅನ್ನದ ವಿಷಯದಲ್ಲಿ ಒಂದು ಮೋಸ ಇದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೀಜದ ರೂಪದಲ್ಲಿ ಕೂತಿರುತ್ತದೆ. ಅನ್ನ ಬೇಯಿಸಿದರೂ ಆ ಬೀಜ ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಮೊಳೆತು ವಿಷ ಬಿಡುತ್ತದೆ. ಆಮೇಲೆ ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಮನೆಯಲ್ಲಿ ರೈಸ್ ಬಾತ್ ಮಾಡಿ ಆಟೋದಲ್ಲಿ ತಂದು ಮಧ್ಯಾಹ್ನ 12:50ಕ್ಕೆ ಬಡಿಸಿದರೆ ನಡುವೆ ಎಂಟು ಗಂಟೆ ಹತ್ತಿರ ಕಳೆದಿರುತ್ತದೆ. ರುಚಿಯಲ್ಲಿ ಏನೂ ಗೊತ್ತಾಗದೆ ಇರಬಹುದು. ತಿಂದ ಕೆಲವೇ ಗಂಟೆಯಲ್ಲಿ ಹಲವು ಮಕ್ಕಳಿಗೆ ಒಟ್ಟಿಗೆ ವಾಂತಿ ಶುರುವಾದಾಗಲೇ ಗೊತ್ತಾಗುವುದು.

ಅದಕ್ಕೆ ನಮ್ಮ ಪ್ರಪೋಸಲ್‌ನಲ್ಲಿ ಶುಚಿತ್ವದ ಭಾಗ ಶುರುವಾಗುವುದು ವೇಳಾಪಟ್ಟಿಯಿಂದ. ಅಡುಗೆ ಶಾಲೆಯ ಅಡುಗೆಮನೆಯಲ್ಲೇ. ಹಿಟ್ಟು ಮಾತ್ರ ಹಿಂದಿನ ಸಂಜೆ ರುಬ್ಬಿದ್ದು. 160 ಪ್ಲೇಟಿಗೆ 320 ಇಡ್ಲಿ ಬೇಕು. ಎಂಬತ್ತು ಇಡ್ಲಿ ಹಿಡಿಯುವ ಪೆಟ್ಟಿಗೆಯಲ್ಲಿ ನಾಲ್ಕು ಒಬ್ಬೆ, ಒಂದೊಂದಕ್ಕೆ ಹದಿನೈದು ನಿಮಿಷ. 9:15ಕ್ಕೆ ಹಚ್ಚಿದರೆ 10:15ಕ್ಕೆ ಮುಗಿಯುತ್ತದೆ. ಮೊದಲ ಒಬ್ಬೆಯ ಇಡ್ಲಿ ಹಾಟ್‌ಬಾಕ್ಸ್‌ನಲ್ಲಿ ಕಾಯುವುದು ಒಂದೂಕಾಲು ಗಂಟೆ ಮಾತ್ರ. ಹಾಟ್‌ಬಾಕ್ಸ್‌ಗೆ ಮೊದಲು ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಬೇಕು. ಇಲ್ಲದಿದ್ದರೆ ತಣ್ಣಗಿನ ಡಬ್ಬವೇ ಇಡ್ಲಿಯ ಬಿಸಿ ಕುಡಿದುಬಿಡುತ್ತದೆ. ರೈಸ್ ಬಾತ್ ಒಲೆ ಏರುವುದು 11:30ಕ್ಕೆ, ಇಳಿಯುವುದು 12:15ಕ್ಕೆ. ಮಿಕ್ಕಿದ ಅನ್ನ ಮರುದಿನಕ್ಕೆ ಇಲ್ಲ, ಚಿತ್ರಾನ್ನವಾಗಿಯೂ ಇಲ್ಲ. ಈ ಸಾಲನ್ನು ಪ್ರಪೋಸಲ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದೆವು. ಮನೆಯಲ್ಲಿ ಎಲ್ಲರೂ ಮಾಡುವ ಕೆಲಸ ಅದು. ಆದ್ದರಿಂದಲೇ ಬಿಡುವುದು ಕಷ್ಟ.

ಬಿಸಿ ಇದೆಯೋ ಇಲ್ಲವೋ ಎಂದು ಕೈ ಇಟ್ಟು ನೋಡಿದರೆ ಅರವತ್ತಕ್ಕೂ ಐವತ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಚುಚ್ಚಿ ನೋಡುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಡಿಸುವ ಮುಂಚೆ ಸಾಂಬಾರಿಗೆ, ಬಾತ್‌ಗೆ ಚುಚ್ಚಿ, ಒಂದು ನೋಟ್‌ಬುಕ್‌ನಲ್ಲಿ ಸಮಯ ಮತ್ತು ಡಿಗ್ರಿ ಬರೆಯುವುದು. ಸಾಂಬಾರು ಅರವತ್ತಕ್ಕಿಂತ ಕೆಳಗಿಳಿದಿದ್ದರೆ ಮತ್ತೆ ಕುದಿಸಿಯೇ ಕೊಡುವುದು.

ಅಪಾಯ ಜಾಸ್ತಿ ಇರುವುದು ಚಟ್ನಿಯಲ್ಲಿ. ಕಾಯಿ ಚಟ್ನಿ ಬೇಯುವುದೇ ಇಲ್ಲ. ಹಸಿ ಕಾಯಿ, ಹಸಿ ನೀರು, ಮಿಕ್ಸಿಯ ಮೂಲೆಯಲ್ಲಿ ಉಳಿದ ನಿನ್ನೆಯ ಚೂರು, ಬಿಸಿಲ ದಿನ. ಹುಳಿ ವಾಸನೆ ಬರುವ ಮುಂಚೆಯೇ ಅದು ಕೆಟ್ಟಿರಬಹುದು. ಚಟ್ನಿಯನ್ನು 10 ಗಂಟೆಗೆ ಮುಂಚೆ ರುಬ್ಬುವುದಿಲ್ಲ, ಕುದಿಸಿ ಆರಿಸಿದ ನೀರನ್ನೇ ಹಾಕುತ್ತೇವೆ, ಬ್ರೇಕ್ ಮುಗಿದ ಮೇಲೆ ಉಳಿದದ್ದು ಚೆಲ್ಲುತ್ತೇವೆ ಎಂದು ಬರೆದೆವು. ಪುಳಿಯೋಗರೆಯನ್ನು ಮೆನುವಿಗೆ ಹಾಕಿದ್ದಕ್ಕೂ ಇಂಥದ್ದೇ ಕಾರಣ ಇದೆ. ಹುಣಸೆ ಹುಳಿ ಇರುವ ಅನ್ನ ಬರೀ ಅನ್ನದಷ್ಟು ಬೇಗ ಕೆಡುವುದಿಲ್ಲ.

ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಕುವ ಸುದ್ದಿ 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲೆಲ್ಲ ಓಡಾಡಿತು. ಆರೋಗ್ಯ ಇಲಾಖೆ ಅದನ್ನು ನಿಲ್ಲಿಸಿತು. ಆಮೇಲಿಂದ ಪೋಷಕರು ಈ ಪ್ರಶ್ನೆ ಕೇಳದೆ ಇರುವುದಿಲ್ಲ. ಹತ್ತಿ ಬಟ್ಟೆ ಮಾತ್ರ, ದಿನಾ ಕುದಿಯುವ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದ್ದು ಎಂದು ಒಂದು ಸಾಲು ಸೇರಿಸಿ.

ಪಾತ್ರೆ ತೊಳೆಯಲು ಮೂರು ತೊಟ್ಟಿ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು, ಕೊನೆಯದರಲ್ಲಿ ಬಿಸಿ ನೀರು. ಒರೆಸುವುದು ಬೇಡ, ಸ್ಟ್ಯಾಂಡ್‌ನಲ್ಲಿ ತಾನಾಗಿ ಆರಲಿ. ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಗಲೀಜಾದ ವಸ್ತು ಹೆಗಲ ಮೇಲಿನ ಆ ಬಟ್ಟೆ. ನೀರಿಗೆ ಆರು ತಿಂಗಳಿಗೊಮ್ಮೆ ಲ್ಯಾಬ್ ವರದಿ, ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯರ ಸರ್ಟಿಫಿಕೇಟ್. ಎಫ್‌ಎಸ್‌ಎಸ್‌ಎಐ ಕೊಡುವ ಹದಿನಾಲ್ಕು ಅಂಕಿಯ ನಂಬರ್ ಗೋಡೆಯ ಮೇಲೆ ಕಾಣುವಂತೆ ಇರಬೇಕು.

ಇನ್ನೊಂದು ವಿಷಯ ಯಾವ ಪ್ರಪೋಸಲ್‌ನಲ್ಲೂ ನಾನು ನೋಡಿರಲಿಲ್ಲ. ಭೇದಿ, ಜ್ವರ, ಕೈಯಲ್ಲಿ ಕೀವು ತುಂಬಿದ ಗಾಯ ಇರುವವರು ಅಡುಗೆಗೆ ನಿಲ್ಲಬಾರದು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಆ ದಿನದ ಸಂಬಳ ಕಟ್ ಆಗುತ್ತದೆ ಎಂದರೆ ಯಾರು ತಾನೇ ಹೇಳುತ್ತಾರೆ? ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರುತ್ತಾರೆ. ಅಂಥ ರಜೆಗೆ ಸಂಬಳ ಇದೆ, ಬದಲಿ ಆಳು ಇಂಥವರು ಎಂದು ಬರೆದ ಮೇಲೆಯೇ ಆ ನಿಯಮಕ್ಕೆ ಜೀವ ಬರುವುದು.

ಬಡಿಸುವ ಅರ್ಧ ಗಂಟೆ ಮುಂಚೆ ಒಬ್ಬ ಟೀಚರ್ ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಲಿ ಎಂದು ನೀವೇ ಕೇಳಿಕೊಳ್ಳಿ. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಶಿಕ್ಷಕರು ಮೊದಲು ರುಚಿ ನೋಡುವ ಪದ್ಧತಿ ಇದ್ದೇ ಇದೆ. ಜೊತೆಗೆ ಪ್ರತಿ ಅಡುಗೆಯ ಒಂದು ಸಣ್ಣ ಡಬ್ಬಿ ಮರುದಿನದವರೆಗೆ ಫ್ರಿಜ್‌ನಲ್ಲಿ ಇರಲಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಅದು ಕ್ಯಾಂಟೀನ್ ಊಟದಿಂದಲೋ ಗೇಟಿನಾಚೆಯ ಐಸ್‌ನಿಂದಲೋ ಎಂದು ಪರೀಕ್ಷೆ ಮಾಡಿಸಲು ಬೇರೆ ದಾರಿ ಇಲ್ಲ.

## ಬೆಲೆ: ಒಂದು ಪ್ಲೇಟ್ ಇಡ್ಲಿಯ ಲೆಕ್ಕ

ಇಲ್ಲಿ ಹಿಡಿದಿರುವ ದರಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಊರಿನ ಅಂಗಡಿ ದರ ಹಾಕಿಕೊಂಡು ಮತ್ತೆ ಮಾಡಿ.

ಒಂದು ಕಿಲೋ ಇಡ್ಲಿ ಅಕ್ಕಿ 45 ರೂಪಾಯಿ. ಕಾಲು ಕಿಲೋ ಉದ್ದಿನಬೇಳೆ 32. ಮೆಂತ್ಯ, ಉಪ್ಪು 3. ಒಟ್ಟು 80 ರೂಪಾಯಿಗೆ ಸುಮಾರು 45 ಇಡ್ಲಿ. ಎರಡು ಇಡ್ಲಿಗೆ ಮೂರೂವರೆ ರೂಪಾಯಿ. ಚಟ್ನಿಗೆ ನಲವತ್ತರ ಒಂದು ತೆಂಗಿನಕಾಯಿ, ಹುರಿಗಡಲೆ, ಮೆಣಸಿನಕಾಯಿ, ಒಗ್ಗರಣೆ ಸೇರಿ 60. ಅದು ಇಪ್ಪತ್ತು ಪ್ಲೇಟಿಗೆ ಬಂದರೆ ಪ್ಲೇಟಿಗೆ 3. ಸಾಂಬಾರಿಗೆ ಎರಡೂವರೆ. ಒಟ್ಟು 9 ರೂಪಾಯಿ. ಚೆಲ್ಲಿದ್ದು, ಮಿಕ್ಕಿದ್ದು ಎಂದು ಒಂದು ರೂಪಾಯಿ ಸೇರಿಸಿ 10 ಎನ್ನೋಣ.

ನೋಡಿ, ಇಡ್ಲಿಗಿಂತ ಅದರ ಜೊತೆಗೆ ಕೊಡುವ ಚಟ್ನಿ, ಸಾಂಬಾರೇ ದುಬಾರಿ. ತೆಂಗಿನಕಾಯಿ ದರ ಏರಿದಾಗ ಹೋಟೆಲಿನವರ ಮುಖ ಸಣ್ಣಗಾಗುವುದು ಇದಕ್ಕೇ.

ಇದೇ ರೀತಿ ರೈಸ್ ಬಾತ್‌ಗೆ ಲೆಕ್ಕ ಹಾಕಿದಾಗ ಪ್ಲೇಟಿಗೆ 15 ಬಂತು. ಇಡ್ಲಿ 25ಕ್ಕೆ, ಬಾತ್ 30ಕ್ಕೆ ಮಾರಿದರೆ ಯಾವ ಪ್ಲೇಟಿನಿಂದಲೂ ಸಾಮಾನಿನ ಖರ್ಚು ಕಳೆದು 15 ರೂಪಾಯಿ ಉಳಿಯುತ್ತದೆ. ಇದನ್ನು ಲಾಭ ಅಂದುಕೊಳ್ಳಬೇಡಿ. ಸಂಬಳ, ಗ್ಯಾಸ್, ಬಾಡಿಗೆ ಎಲ್ಲಾ ಈ ಹದಿನೈದರಿಂದಲೇ ಹೋಗಬೇಕು.

ಅಡುಗೆಯವರಿಗೆ 20,000, ಇಬ್ಬರು ಸಹಾಯಕರಿಗೆ ತಲಾ 15,000. ಅಕ್ಕನೇ ಅಡುಗೆಯವರಾದರೂ ಅವರ ಸಂಬಳ ಲೆಕ್ಕದಲ್ಲಿ ಇರಲೇಬೇಕು. "ನಂದೇನು, ಮನೆಯವಳಲ್ವಾ" ಎಂದು ಬಿಟ್ಟರೆ ಒಂದು ವರ್ಷ ಪುಕ್ಕಟೆ ದುಡಿದ ಹಾಗೆ. ಗ್ಯಾಸ್ ತಿಂಗಳಿಗೆ ಐದು ಸಿಲಿಂಡರ್, 9,000. ಇದು ಹತ್ತೊಂಬತ್ತು ಕಿಲೋ ವಾಣಿಜ್ಯ ಸಿಲಿಂಡರ್‌ನ ಲೆಕ್ಕ. ಮನೆಯ ಸಿಲಿಂಡರ್ ತಂದು ಹಚ್ಚುವಂತಿಲ್ಲ. ಸೋಪು ಪೌಡರ್ 3,000, ಕರೆಂಟು ನೀರು 2,000, ಆಟೋ 3,000, ಶಾಲೆಗೆ ಬಾಡಿಗೆ 5,000. ಒಟ್ಟು ತಿಂಗಳಿಗೆ 72,000.

ಬಹಳ ಜನ ಎಡವುವುದು ಇಲ್ಲಿ. ಹೋಟೆಲಿನ ಅಭ್ಯಾಸದಲ್ಲಿ 72,000ವನ್ನು 26 ದಿನಕ್ಕೆ ಭಾಗಿಸುತ್ತಾರೆ. ದಿನಕ್ಕೆ ಸುಮಾರು 2,770. ಪ್ಲೇಟಿಗೆ ಹದಿನೈದರಂತೆ 185 ಪ್ಲೇಟ್ ಹೋದರೆ ಸಾಕು, ನಾವು 300 ಮಾರುತ್ತೇವೆ, ದಿನಾ ಸಾವಿರದ ಮೇಲೆ ಲಾಭ ಎಂದು ಖುಷಿಪಡುತ್ತಾರೆ.

ಶಾಲೆ 26 ದಿನ ಎಲ್ಲಿ ನಡೆಯುತ್ತದೆ? ಶಿಕ್ಷಣ ಹಕ್ಕು ಕಾಯ್ದೆ ಹೇಳುವುದೇ ಐದನೇ ತರಗತಿವರೆಗೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ. ದಸರಾ ರಜೆ, ಬೇಸಿಗೆ ರಜೆ, ಪರೀಕ್ಷೆ. ಅಡುಗೆಯವರನ್ನು ರಜೆಯಲ್ಲಿ ಸಂಬಳ ಇಲ್ಲದೆ ಕಳಿಸಿದರೆ ಜೂನ್‌ನಲ್ಲಿ ಅವರು ವಾಪಸ್ ಬರುವುದಿಲ್ಲ. ಹಾಗಾಗಿ ಸಂಬಳ ಹನ್ನೆರಡು ತಿಂಗಳಿಗೆ: 6,00,000. ಉಳಿದ 22,000 ಹತ್ತು ತಿಂಗಳಿಗೆ: 2,20,000. ಗ್ರೈಂಡರ್, ಹಾಟ್‌ಬಾಕ್ಸ್, ಸ್ಟೀಲ್ ತಟ್ಟೆಗೆ ಹಾಕಿದ ಒಂದೂವರೆ ಲಕ್ಷವನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 50,000. ಒಟ್ಟು 8,70,000. ಇದನ್ನು 220 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 3,950.

ಈಗ ಹದಿನೈದರಿಂದ ಭಾಗಿಸಿ. ಅಸಲು ಹುಟ್ಟಲು ದಿನಕ್ಕೆ 264 ಪ್ಲೇಟ್ ಬೇಕು, 185 ಅಲ್ಲ. 300 ಮಾರಿದರೆ ಉಳಿಯುವುದು 36 ಪ್ಲೇಟಿನ 540 ರೂಪಾಯಿ. ಇನ್ನೂರೈವತ್ತೇ ಹೋದ ದಿನ ಇನ್ನೂರು ರೂಪಾಯಿ ಕೈಯಿಂದ. ನವೆಂಬರ್‌ನಲ್ಲಿ ಬಿಟ್ಟು ಹೋಗುವವರು ಸೋಮಾರಿಗಳಲ್ಲ. ಮೇ ತಿಂಗಳಲ್ಲಿ ತಪ್ಪು ಅಂಕಿಯಿಂದ ಭಾಗಿಸಿದವರು.

## ಬಾಡಿಗೆಯ ಮಾತು

ಕೆಲವು ಮಂಡಳಿಯವರು ಯಾರು ಜಾಸ್ತಿ ಬಾಡಿಗೆ ಕೊಡುತ್ತಾರೋ ಅವರಿಗೇ ಕ್ಯಾಂಟೀನ್ ಎನ್ನುತ್ತಾರೆ. ಅವರ ಎದುರು ಈ ಲೆಕ್ಕ ಇಡಿ. ಬಾಡಿಗೆ 5,000 ಹೋಗಿ 15,000 ಆದರೆ ವರ್ಷಕ್ಕೆ ಒಂದು ಲಕ್ಷ ಜಾಸ್ತಿ. ದಿನಕ್ಕೆ 455 ರೂಪಾಯಿ, ಅಂದರೆ ಇನ್ನೂ ಮೂವತ್ತು ಪ್ಲೇಟ್. 264 ಇದ್ದದ್ದು 294 ಆಗುತ್ತದೆ. ಮುನ್ನೂರು ಪ್ಲೇಟ್ ಹೋದರೂ ಉಳಿಯುವುದು ಆರು ಪ್ಲೇಟಿನ 90 ರೂಪಾಯಿ ಮಾತ್ರ. ಆಗ ನಡೆಸುವವರಿಗೆ ಉಳಿಯುವುದು ಎರಡೇ ದಾರಿ. ಪ್ಲೇಟಿಗೆ ಒಂದೂವರೆ ರೂಪಾಯಿ ಏರಿಸುವುದು, ಇಲ್ಲವೇ ಚಟ್ನಿಯಲ್ಲಿ ಕಾಯಿ ಕಡಿಮೆ ಮಾಡುವುದು. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಅದೇ ಆಗುತ್ತದೆ. ಪ್ಲೇಟಿನ ಲೆಕ್ಕವನ್ನು ಮುಚ್ಚಿಡದೆ ಪ್ರಪೋಸಲ್‌ಗೆ ಅಂಟಿಸಿ ಕೊಡಿ. ಚೌಕಾಸಿ ನಡೆಯಲಿ, ಆದರೆ ಯಾವ ಅಂಕಿಯ ಮೇಲೆ ಎಂದು ಇಬ್ಬರಿಗೂ ಗೊತ್ತಿರಲಿ.

ಬೆಲೆಯನ್ನು ಅರ್ಧ ವರ್ಷಕ್ಕೊಮ್ಮೆ ಮಾತ್ರ, ಸಾಮಾನಿನ ಬಿಲ್ಲು ತೋರಿಸಿ ಬದಲಿಸಬಹುದು ಎಂಬ ಕರಾರೂ ಇರಲಿ. ಮಕ್ಕಳ ಕೈಗೆ ಸಾಲ ಕೊಡುವುದಿಲ್ಲ ಎಂದೂ ಬರೆಯಿರಿ. ಟೋಕನ್ ತರದೆ ಬಂದ ಮಗುವನ್ನು ಹಸಿದು ಕಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೆ ಆಫೀಸಿನಲ್ಲಿ ಹತ್ತು ಟೋಕನ್ ಇಟ್ಟಿರಿ, ತಿಂಗಳ ಕೊನೆಗೆ ಶಾಲೆ ಪೋಷಕರಿಂದ ವಸೂಲಿ ಮಾಡಿಕೊಳ್ಳಲಿ.

## ಕಾಗದದ ಮೇಲೆ ಹೇಗೆ ಜೋಡಿಸುವುದು

ನಾಲ್ಕು ಪುಟ ಸಾಕು. ಮೊದಲ ಪುಟ ಮುಖ್ಯೋಪಾಧ್ಯಾಯರಿಗೋ ಕಾರ್ಯದರ್ಶಿಗೋ ಬರೆದ ಪತ್ರ. ನೀವು ಯಾರು, ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಅಡುಗೆ ಮಾಡುತ್ತಿದ್ದೀರಿ. ಅಕ್ಕ "ಅನುಭವಿ ಅಡುಗೆಯವರು" ಎಂದು ಬರೆಸಿದ್ದರು. ಅದನ್ನು ಹೊಡೆದು "ದಿನಕ್ಕೆ ತೊಂಬತ್ತು ಜನಕ್ಕೆ, ಏಳು ವರ್ಷದಿಂದ" ಎಂದು ಹಾಕಿದೆವು. ಎರಡನೇ ಪುಟದಲ್ಲಿ ಬ್ರೇಕ್‌ನ ಲೆಕ್ಕ, ವಾರದ ಮೆನು. ಮೂರನೆಯದರಲ್ಲಿ ಅಡುಗೆಯ ವೇಳಾಪಟ್ಟಿ, ಶುಚಿತ್ವದ ಸಾಲುಗಳು. ನಾಲ್ಕನೆಯದರಲ್ಲಿ ಬೆಲೆ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಅಥವಾ ನೋಂದಣಿಯ ಪ್ರತಿಯನ್ನು ಪಿನ್ ಮಾಡಿ.

ಶಾಲೆಯಿಂದ ನಿಮಗೆ ಏನು ಬೇಕು ಎನ್ನುವುದನ್ನು ಕೊನೆಗೆ ಬರೆಯಿರಿ, ನಾಚಿಕೊಳ್ಳಬೇಡಿ. ಕೈ ತೊಳೆಯಲು ಆರು ನಲ್ಲಿ, ಅಡುಗೆಮನೆ ಕಿಟಕಿಗೆ ಜಾಲರಿ, ಸಿಲಿಂಡರ್ ಇಡಲು ಹೊರಗೆ ಗಾಳಿಯಾಡುವ ಜಾಗ. ದಿಢೀರ್ ರಜೆಯ ಬಗ್ಗೆಯೂ ಒಂದು ಸಾಲು ಬೇಕು. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿಗಾಗಿ ಮಂಡ್ಯ ಬಂದ್ ಆಯಿತಲ್ಲ, ಅಂಥ ದಿನಗಳಲ್ಲಿ ರಜೆಯ ಮೆಸೇಜ್ ಬರುವುದು ರಾತ್ರಿ. ಅಷ್ಟು ಹೊತ್ತಿಗೆ ಏಳು ಕಿಲೋ ಅಕ್ಕಿಯ ಹಿಟ್ಟು ರುಬ್ಬಿ ಆಗಿರುತ್ತದೆ. ಸಂಜೆ ಆರಕ್ಕೆ ಮುಂಚೆ ಹೇಳಿದರೆ ಶಾಲೆ ಏನೂ ಕೊಡಬೇಕಿಲ್ಲ, ಆರರ ನಂತರ ಹೇಳಿದರೆ ಹಿಟ್ಟಿನ ದುಡ್ಡು ಅರ್ಧ ಶಾಲೆಯದ್ದು ಎಂದು ಅಕ್ಕ ಬರೆಸಿದರು. ಏಳು ಕಿಲೋ ಅಕ್ಕಿ, ಬೇಳೆ ಸೇರಿ ಸುಮಾರು 560 ರೂಪಾಯಿ. ಅದರಲ್ಲಿ ಅರ್ಧ ಎಂದರೆ 280. ಮೀಟಿಂಗ್‌ನಲ್ಲಿ ಬೇರೆಲ್ಲ ಪುಟ ಬೇಗ ಮುಗಿದು, ಈ 280 ರೂಪಾಯಿಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರಂತೆ. ಕೊನೆಗೆ ಒಪ್ಪಿದರು.